ಒಂದೇ ಕದಿರಿನ ಯಂತ್ರ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನನ್ನ ಮಗಳು ಸಂಧ್ಯಾ ಲ್ಯಾಪ್‌ಟಾಪಿನ ಮುಂದೆ ಕೂತು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪರದೆಯ ಮೇಲೆ ನಲವತ್ತೆರಡು ಎಂದು ಬಂದಿತ್ತು. ಬೇಕಿದ್ದದ್ದು ನೂರು.

ಹುಬ್ಬಳ್ಳಿಯ ಒಂದು ಕಂಪನಿ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತದೆ. ಅವರ ಸೀರೆಗಳ ದೊಡ್ಡ ದೊಡ್ಡ ಫೋಟೊ ಇಳಿಸಿಕೊಂಡು, ಬಣ್ಣ ತಿದ್ದಿ, ಮರಳಿ ಕಳಿಸುವ ಕೆಲಸಕ್ಕೆ ಸಂಧ್ಯಾಳನ್ನು ಆರಿಸಿದ್ದರು. ಏಳು ತಿಂಗಳ ಕೂಸನ್ನು ಬಿಟ್ಟು ಬನಹಟ್ಟಿಯಿಂದ ಹೊರಗೆ ಹೋಗಲಾಗದವಳಿಗೆ ಮನೆಯಲ್ಲೇ ಕೂತು ಮಾಡುವ ಇಂಥ ಕೆಲಸ ಮತ್ತೆ ಸಿಗುವಂಥದ್ದಲ್ಲ. ಒಂದೇ ಶರತ್ತು: ಇವತ್ತು ಸಂಜೆ ಐದರೊಳಗೆ ಅವರು ಕಳಿಸಿದ ತಪಾಸಣೆಯ ಪ್ರೋಗ್ರಾಮು ಅವಳ ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ಕಡಿಮೆ ಇಲ್ಲದ ಇಂಟರ್ನೆಟ್ ವೇಗ ತೋರಿಸಬೇಕು. ಮೂರು ಸಲ ಮಾತ್ರ ಅವಕಾಶ. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಕೆಲಸ.

ಒಂದು ಅವಕಾಶ ಆಗಲೇ ಹೋಗಿತ್ತು.

ನನಗೆ ತಿಳಿದ ದಾರಿಯನ್ನೆಲ್ಲ ನಾನು ಹಿಡಿದು ಆಗಿತ್ತು. ಮೂವತ್ತು ವರ್ಷದಿಂದ ಕಂಡಿಕೆ ಸುತ್ತುತ್ತಿದ್ದೇನೆ. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿಗಳು ಅವು. ಸುತ್ತುವುದು ನಿಧಾನವಾದರೆ ನಮ್ಮ ಓಣಿಯಲ್ಲಿ ಯಾರಾದರೂ ಮೊದಲು ನೋಡುವುದು ಮೋಟಾರನ್ನು. ಮೋಟಾರು ಸಣ್ಣದೆನಿಸಿದರೆ ದೊಡ್ಡದನ್ನು ಹಾಕುತ್ತಾರೆ. ಹಾಗೆಯೇ ಇಲ್ಲಿಯೂ ಮಾಡಿದ್ದೆ. ನೂರರ ಪ್ಲಾನಿನಲ್ಲಿ ನಲವತ್ತು ಬಂತೆಂದು ಎರಡು ನೂರರದ್ದು ಹಾಕಿಸಿದೆ. ಆಗಲೂ ನಲವತ್ತೇ. ನಿನ್ನೆ ಮೂರು ನೂರರದ್ದು, ಜೊತೆಗೆ ನಾಲ್ಕು ಕೊಂಬಿನ ಹೊಸ ರೂಟರು. ಇವತ್ತು ನಲವತ್ತೆರಡು.

ಹನ್ನೆರಡೂವರೆಗೆ ಕೇಬಲ್ಲಿನ ನಾಮದೇವನನ್ನು ಕರೆಸಿದೆ. ಅವನ ಬೈಕು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತು, ಮೂರು ನೂರು ಅಂತ ಹೇಳಿ ನಲವತ್ತು ಅಳೆದು ಕೊಡುವುದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ತನ್ನ ಫೋನನ್ನು ರೂಟರಿನ ಹತ್ತಿರ ಹಿಡಿದು ವೇಗ ಅಳೆದು ನನ್ನ ಮುಖದ ಮುಂದೆ ಚಾಚಿದ. ಇನ್ನೂರ ಎಂಬತ್ತನಾಲ್ಕು.

"ಬೈರಿ ಅಕ್ಕಾ, ಬೈರಿ. ಆದ್ರ ನನ್ನ ಲೈನಿಗೆ ಬೈಬ್ಯಾಡ್ರಿ" ಅಂದ.

ನಂತರ ಲ್ಯಾಪ್‌ಟಾಪಿನ ಮುಂದೆ ಕೂತ. ಫೋನಿನಲ್ಲಿ ನಮ್ಮ ರೂಟರಿನ ಹೆಸರು ಎರಡು ಸಾಲಾಗಿ ಕಾಣುತ್ತಿತ್ತು, ಒಂದಕ್ಕೆ ಕೊನೆಯಲ್ಲಿ 5G ಎಂಬ ಬಾಲ. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಬಾಲವಿಲ್ಲದ್ದು ಮಾತ್ರ ಇತ್ತು. ನಾಮದೇವ ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಬರೆದ, ಬಿಳಿ ಅಕ್ಷರಗಳು ಸಾಲಾಗಿ ಇಳಿದವು. ಒಂದು ಸಾಲಿನ ಮೇಲೆ ಬೆರಳಿಟ್ಟು ಸಂಧ್ಯಾಳಿಗೆ ತೋರಿಸಿದ. ಆಮೇಲೆ ಇನ್ನೊಂದು ಕಡೆ ಎಪ್ಪತ್ತೆರಡು ಎಂಬ ಅಂಕಿ ತೋರಿಸಿದ. ಸಂಧ್ಯಾಳ ಮುಖ ಇಳಿಯಿತು. ನನಗೆ ಯಾರೂ ಹೇಳಲಿಲ್ಲವಾದ್ದರಿಂದ ಕೇಳಿದೆ.

"ಇದರೊಳಗಿನ ವೈಫೈ ಕಾರ್ಡ ಹಳೇ ನಮೂನಿದ್ದೈತ್ರಿ" ಅಂದ ನಾಮದೇವ. "ನಿಮ್ಮ ರೂಟರಿಗೆ ಎರಡ ಹಾದಿ ಅದಾವ. ವೇಗದ ಹಾದಿ ಇದಕ್ಕ ಕಾಣೂದ ಇಲ್ಲ. ಕಾಣೂ ಹಾದ್ಯಾಗೂ ಒಂದ ಸ್ಟ್ರೀಮ್ ಅಷ್ಟ. ಎಪ್ಪತ್ತೆರಡು ಅನ್ನೂದು ಬರೇ ಹೆಸರಿಗೆ, ಕೈಗೆ ಸಿಗೂದು ಅದರಾಗ ಅರ್ಧಾ, ಮ್ಯಾಲ ಸ್ವಲ್ಪ. ನೀವು ಸಾವಿರದ ಪ್ಲಾನ್ ಹಾಕಸ್ರಿ, ಇದು ತಗೊಳ್ಳೂದು ಇಷ್ಟ."

ನಾನು ಮೂಲೆಯಲ್ಲಿದ್ದ ನನ್ನ ಕಂಡಿಕೆ ಯಂತ್ರದ ಕಡೆ ನೋಡಿದೆ. ಅದಕ್ಕೆ ನಾಲ್ಕು ಕದಿರು, ಕಂಡಿಕೆ ಸಿಕ್ಕಿಸಿ ತಿರುಗಿಸುವ ಕಡ್ಡಿಗಳು. ನಾಲ್ಕರಲ್ಲಿ ನಾಲ್ಕು ಕಂಡಿಕೆ ಒಟ್ಟಿಗೆ ತುಂಬುತ್ತವೆ. ಅತ್ತೆಯ ಕಾಲದ್ದಕ್ಕೆ ಒಂದೇ ಕದಿರಿತ್ತು. ಅದಕ್ಕೆ ಯಾವ ಮೋಟಾರು ಹಾಕಿದರೂ ಒಂದು ಸಲಕ್ಕೆ ಒಂದೇ ಕಂಡಿಕೆ. ಜೋರು ಮಾಡಿದರೆ ನೂಲು ಹರಿಯುತ್ತಿತ್ತು.

"ಅಂದ್ರ ನಾ ತಂದಿದ್ದು ಒಂದ ಕದರಿಂದು" ಅಂದೆ.

"ಹೌದ್ರಿ. ಅದೂ ಹಳೇ ಕದರ."

ತಂದವಳು ನಾನೇ. ಜಮಖಂಡಿಯ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಎರಡಿದ್ದವು. ಒಂದು ದಪ್ಪ, ಮುಚ್ಚಳದ ಮೂಲೆಯಲ್ಲಿ ಗೀರು ಬಿದ್ದಿತ್ತು, ಪಕ್ಕದಲ್ಲಿ ರೂಟರಿನ ಕೇಬಲ್ಲು ಚುಚ್ಚುವ ತೂತಿತ್ತು. ಇನ್ನೊಂದು ತೆಳ್ಳಗೆ, ಹೊಳೆಯುತ್ತಿತ್ತು. ಸಂಧ್ಯಾ ದಪ್ಪದ್ದನ್ನು ಬಹಳ ಹೊತ್ತು ನೋಡಿದಳು. ನಾನು ಬಟ್ಟೆ ನೋಡುವ ಹಾಗೆ ಎರಡನ್ನೂ ಕೈಯಲ್ಲಿ ಹಿಡಿದು, ಸವರಿ, ತೆಳ್ಳನೆಯದನ್ನು ಆರಿಸಿದೆ. ಒಳಗಿನ ಎಳೆ ಯಾವುದೆಂದು ಕೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಆ ಮಾತನ್ನು ಸಂಧ್ಯಾ ಈಗ ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಎತ್ತಲಿಲ್ಲ. ಕೂಸಿನ ಟೊಪ್ಪಿಗೆ ಸರಿ ಮಾಡಿದಳು.

ನಾಮದೇವ ಬೈಕಿನ ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತಂದ. ಒಂದು ತುದಿ ಲ್ಯಾಪ್‌ಟಾಪಿನ ಯುಎಸ್‌ಬಿಗೆ, ಇನ್ನೊಂದರಲ್ಲಿ ರೂಟರಿನ ಕೇಬಲ್ಲು. ವೇಗ ಅಳೆಯುವ ಸಾದಾ ಪುಟದಲ್ಲಿ ಮುಳ್ಳು ಏರುತ್ತ ಹೋಗಿ ತೊಂಬತ್ತನಾಲ್ಕಕ್ಕೆ ನಿಂತಿತು. ಎರಡನೇ ಸಲವೂ ತೊಂಬತ್ತನಾಲ್ಕು.

ನಾನು ಈಗಲೇ ಕಂಪನಿಯದನ್ನು ಒತ್ತು ಅಂದೆ. ಬೇಡ, ಈ ಡಬ್ಬಿಯೂ ನೂರರದ್ದು, ನೂರರದ್ದರಲ್ಲಿ ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ನಾಮದೇವ ಹೇಳುತ್ತಲೇ ಇದ್ದ. ನಮ್ಮ ಧಂದೆಯಲ್ಲಿ ಸೀರೆ ನಾಲ್ಕು ಬೆರಳು ಕಡಿಮೆ ಬಿದ್ದರೆ ಸಾಹುಕಾರ ಬೈಯುತ್ತಾನೆ, ಬೈದು ತೆಗೆದುಕೊಳ್ಳುತ್ತಾನೆ. ನೂರಕ್ಕೆ ಆರು ಕಡಿಮೆ ಎಂದರೆ ಯಾರು ಹಿಡಿದು ಕೂರುತ್ತಾರೆ ಎಂದುಕೊಂಡೆ. ಸಂಧ್ಯಾ ನನ್ನ ಮುಖ ನೋಡಿ ಒತ್ತಿದಳು.

ಪ್ರೋಗ್ರಾಮು ಬೈಯಲಿಲ್ಲ. 94.1 ಎಂದು ಬರೆದು ಕೆಂಪು ಗುರುತು ಹಾಕಿತು. ಅದರ ಕೆಳಗೆ, ಉಳಿದ ಅವಕಾಶ ಒಂದು.

ಮಗ್ಗದ ಸದ್ದು ಗೋಡೆಯಾಚೆಯಿಂದ ಬರುತ್ತಲೇ ಇತ್ತು. ನಾಮದೇವನಿಗೆ ಚಿಮ್ಮಡದ ಗಿರಾಕಿಯಿಂದ ಎರಡು ಸಲ ಫೋನು ಬಂದಿತ್ತು, ಹೋಗಲೇಬೇಕಿತ್ತು. ಹೋಗುವ ಮೊದಲು ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟ: ಯುಎಸ್‌ಬಿ ವೈಫೈ ಅಡಾಪ್ಟರ್, 5 ಗಿಗಾಹರ್ಟ್ಸ್, AC. ಅದನ್ನು ಚುಚ್ಚಿದರೆ ಒಳಗಿನ ಹಳೆಯ ಕಾರ್ಡಿನ ಬದಲು ಅದು ಕೆಲಸ ಮಾಡುತ್ತದೆ ಎಂದ. ಪೆಟ್ಟಿಗೆಯ ಮೇಲೆ ಆ 5 ಇಲ್ಲದಿದ್ದರೆ ಎಷ್ಟು ದೊಡ್ಡ ಅಂಕಿ ಇದ್ದರೂ ತರಬೇಡಿ ಎಂದು ಎರಡು ಸಲ ಹೇಳಿದ.

ಎರಡೂಕಾಲಿಗೆ ಆಟೊ ಹಿಡಿದೆ. ಬನಹಟ್ಟಿಯ ಅಂಗಡಿಗೆ ಬೀಗ ಬಿದ್ದಿತ್ತು. ರಬಕವಿಗೆ ಹೋದೆ. ವೀರಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟರಿಗೆ ಶಾಯಿ ತುಂಬುತ್ತಿದ್ದ ಅವನ ಬೆರಳುಗಳೆಲ್ಲ ನೀಲಿಯಾಗಿದ್ದವು. ಕೈ ಒರೆಸಿಕೊಳ್ಳಲು ಐದು ನಿಮಿಷ ತೆಗೆದುಕೊಂಡ. ಉಗುರಿನಷ್ಟಿರುವ ಒಂದು ಅಡಾಪ್ಟರನ್ನು ಗಾಜಿನ ಮೇಲಿಟ್ಟ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 150 ಎಂದಿತ್ತು.

ನಿಮಗೆ ಬೇಕಿದ್ದದ್ದು ನೂರು, ಇದು ನೂರೈವತ್ತು, ಇನ್ನೇನು ಎಂಬುದು ಅವನ ವಾದ. ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ. 2.4 ಎಂದಿತ್ತು. 5 ಎಲ್ಲೂ ಇರಲಿಲ್ಲ. ಮಧ್ಯಾಹ್ನದಿಂದ ಕೇಳಿದ್ದೆಲ್ಲ ಅದರಲ್ಲಿ ಮತ್ತೆ ಕಂಡಿತು: ಒಂದು ಕದಿರು, ಹಳೆಯ ಹಾದಿ, ಹೆಸರಿಗೆ ಒಂದು ಅಂಕಿ, ಕೈಗೆ ಅದರರ್ಧ.

"ಇದು ನಮ್ಮ ಮನ್ಯಾಗ ಐತಿ" ಅಂದೆ. "5 ಇದ್ದದ್ದು ಕೊಡ್ರಿ."

"ಯಾರ ಹೇಳಿದ್ರ್ಯವ್ವಾ ನಿಮಗ ಇದನ್ನೆಲ್ಲಾ?" ವೀರಣ್ಣ ನಕ್ಕ. "ಕಂಡಿಕಿ ಸುತ್ತಾವರು ಗಿಗಾಹರ್ಟ್ಸ್ ಕೇಳಾಕತ್ರ ನಾವೇನ ಮಾಡೋಣು."

"ನೀವು ಕಂಡಿಕಿ ಸುತ್ತರಿ. ಮೊದಲ ಪೆಟಗಿ ಹುಡುಕ್ರಿ."

ಅವನು ಏಣಿ ಹಾಕಿ ಮೇಲಿನ ಗೂಡಿನಿಂದ ಧೂಳು ಹಿಡಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದ. ಮೌಸು, ಮೌಸು, ಕೀಲಿಮಣೆ. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು ಆಗಿತ್ತು. ಕೊನೆಗೊಂದು ಬಂತು, ಗಿಡ್ಡ ಕೊಂಬಿನದು. AC600 ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ: 5 ಗಿಗಾಹರ್ಟ್ಸ್‌ನಲ್ಲಿ 433. ಇದಕ್ಕಿಂತ ದೊಡ್ಡದು ಜಮಖಂಡಿಯಲ್ಲಿ ಸಿಗಬಹುದು ಅಂದ. ಜಮಖಂಡಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ನಾಮದೇವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ನಾನೂರ ಮೂವತ್ತಮೂರರ ಅರ್ಧ ಎಷ್ಟೆಂದು ಆಟೊದಲ್ಲಿ ಲೆಕ್ಕ ಹಾಕಿದೆ. ಅದರ ಅರ್ಧವನ್ನೂ ಹಾಕಿ ನೋಡಿದೆ. ನೂರ ಎಂಟು. ಉಸಿರು ಬಿಟ್ಟೆ, ಪೂರ್ತಿ ಬಿಡಲಿಲ್ಲ.

ಮನೆಗೆ ಬಂದಾಗ ನಾಲ್ಕು. ಅಡಾಪ್ಟರು ಚುಚ್ಚಿದ ಕೂಡಲೇ ನಡೆಯಲಿಲ್ಲ. ಅದಕ್ಕೆ ಬೇಕಾದ ಡ್ರೈವರ್ ಪ್ರೋಗ್ರಾಮನ್ನು ಹಳೆಯ ಕಾರ್ಡಿನಿಂದಲೇ ಇಳಿಸಿಕೊಳ್ಳಬೇಕಾಯಿತು. ಕೂಸು ಎದ್ದು ಅಳತೊಡಗಿತು, ಸೊಂಟಕ್ಕೇರಿಸಿಕೊಂಡೆ. ಸಂಧ್ಯಾ ಲ್ಯಾಪ್‌ಟಾಪನ್ನು ಬಂದ್ ಮಾಡಿ ಮತ್ತೆ ಹಚ್ಚಿದಳು. ಈಗ ಪಟ್ಟಿಯಲ್ಲಿ ಬಾಲವಿದ್ದ ಹೆಸರು ಕಂಡಿತು. ಅದಕ್ಕೆ ಸೇರಿಸಿ, ಕಂಪನಿಯದನ್ನು ಮುಟ್ಟದೆ, ಸಾದಾ ಪುಟದಲ್ಲಿ ಅಳೆದಳು.

ನಲವತ್ತೊಂದು.

ಗೋಡೆಗೆ ಆನಿಕೊಂಡೆ. ಇನ್ನೂ ಜಮಖಂಡಿಗೆ ಹೋಗುತ್ತೇನೆ ಎಂದೇನೋ ಅಂದೆ. ಗಡಿಯಾರ ನಾಲ್ಕೂ ಮೂವತ್ತೆರಡು ತೋರಿಸುತ್ತಿತ್ತು. ಸಂಧ್ಯಾ ಪರದೆಯ ಹತ್ತಿರ ಬಾಗಿ ಏನನ್ನೋ ಓದುತ್ತಿದ್ದಳು.

"ಅವ್ವಾ, ತಡಿ. ಎರಡೂ ಚಾಲೂ ಅದಾವ. ಹಳೇದರ ಮ್ಯಾಲ ಹೊಂಟೈತಿ ಇದು."

ಒಳಗಿನ ಕಾರ್ಡನ್ನು ಪಟ್ಟಿಯಲ್ಲಿ ಹುಡುಕಿ ಬಂದ್ ಮಾಡಿದಳು. ಮತ್ತೆ ಅಳೆದಳು. ಮುಳ್ಳು ನೂರನ್ನು ದಾಟುವುದನ್ನು ನಾನು ನೋಡಲಿಲ್ಲ, ಕೂಸಿನ ಬೆನ್ನಿಗೆ ಮುಖ ಒತ್ತಿಕೊಂಡಿದ್ದೆ. ನೂರ ತೊಂಬತ್ತಾರು ಎಂದು ಅವಳೇ ಓದಿದಳು. ಇನ್ನೊಮ್ಮೆ ಅಳೆದಳು, ನೂರ ತೊಂಬತ್ತೊಂದು. ಆಗಲೂ ಕಂಪನಿಯ ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. ಈ ಸಲ ನಾನು ಒತ್ತು ಅನ್ನಲಿಲ್ಲ. ನಿನಗೆ ತಿಳಿದ ಹಾಗೆ ಮಾಡು ಅಂದೆ.

ಒತ್ತಿದಳು. ಮುಳ್ಳು ಹೋಗುತ್ತಿದ್ದಷ್ಟು ಹೊತ್ತು ರೂಟರಿನ ಹತ್ತಿರ ಯಾರೂ ಸುಳಿಯದಂತೆ ನಾನು ಅಡ್ಡ ನಿಂತಿದ್ದೆ. ಆಮೇಲೆ ನಾನೇ ಅದಕ್ಕೂ ಲ್ಯಾಪ್‌ಟಾಪಿಗೂ ನಡುವೆ ನಿಂತಿದ್ದೇನೆಂದು ಹೊಳೆದು ಬದಿಗೆ ಸರಿದೆ. 188.3. ಹಸಿರು ಗುರುತು. ನಾಲ್ಕೂ ನಲವತ್ತೊಂದು.

ಸಂಧ್ಯಾ ಕೂಸನ್ನು ತೆಗೆದುಕೊಂಡು ಮೂಲೆಗೆ ಹೋಗಿ ಹಾಲು ಕೊಡುತ್ತ ಕೂತಳು. ಅವಳ ಭುಜಗಳು ಅಲುಗುತ್ತಿದ್ದವು. ನಾನು ಆ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಮೂರು ನೂರು ಯಾಕೆ ಬರಲಿಲ್ಲ ಎಂದು ಕೇಳಿದೆ.

"ಇದಕ್ಕೂ ಒಂದ ಕದರ ಅವ್ವಾ" ಅಂದಳು, ಬೆನ್ನು ತಿರುಗಿಸಿಕೊಂಡೇ. "ಹೊಸಾ ಕದರ ಅಷ್ಟ." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಆ ದಪ್ಪಂದು ಇನ್ನೂ ಅಂಗಡ್ಯಾಗ ಐತೇನೋ."

ಇಡೀ ದಿನ ನಾನು ಕಾಯುತ್ತಿದ್ದ ಮಾತು ಅದು. ಕೇಳಿ ಹಗುರಾಯಿತು.

ಅಡಾಪ್ಟರು ಲ್ಯಾಪ್‌ಟಾಪಿನ ಬದಿಯಿಂದ ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಕೂಸು ಅಂಬೆಗಾಲಿಡಲು ಕಲಿಯುತ್ತಿದೆ. ಮೂಲೆಯಿಂದ ಬಿಳಿ ನೂಲಿನ ಎರಡೆಳೆ ತಂದು ಅದರ ಕೊಂಬಿಗೆ ಸುತ್ತಿ, ಮುಚ್ಚಳದ ತಿರುಗಣೆಗೆ ಬಿಗಿದು, ಹರಿದ ಎಳೆಗೆ ಹಾಕುವ ಗಂಟು ಹಾಕಿದೆ. ಎಳೆದು ನೋಡಿದೆ. ನಾಳೆ ಬೆಳಿಗ್ಗೆ ಅವಳು ಕೆಲಸಕ್ಕೆ ಕೂರುವ ಮೊದಲು ಇನ್ನೊಮ್ಮೆ ಎಳೆದು ನೋಡಬೇಕು. ನಾಮದೇವನಿಗೆ ಫೋನು ಮಾಡಿ ಪ್ಲಾನನ್ನು ಎರಡು ನೂರಕ್ಕೆ ಇಳಿಸಲು ಹೇಳಬೇಕು, ಬೈದದ್ದಕ್ಕೂ ಏನಾದರೂ ಅನ್ನಬೇಕು.

ನನ್ನ ಯಂತ್ರದಲ್ಲಿ ಮಧ್ಯಾಹ್ನದಿಂದ ನಾಲ್ಕು ಕಂಡಿಕೆ ಅರ್ಧ ಸುತ್ತಿ ನಿಂತಿದ್ದವು. ಸ್ವಿಚ್ಚು ಹಾಕಿದೆ.