ಎಲ್ಲಕ್ಕೂ ಐದು ಕೊಟ್ಟವರು

ಆ ಗುಂಪಿಗೆ 'ಸಂತೃಪ್ತರು' ಎಂದು ಹೆಸರಿಟ್ಟವಳು ನಾನೇ. ಶ್ರವಣಯಂತ್ರ ಮಾರುವ ಕಂಪನಿಯೊಂದಕ್ಕಾಗಿ ಅವರ ಸಾವಿರದಿನ್ನೂರು ಗಿರಾಕಿಗಳಿಗೆ ಫೋನ್ ಮಾಡಿ, ಹನ್ನೆರಡು ಪ್ರಶ್ನೆ ಕೇಳಿ, ಒಂದರಿಂದ ಐದರವರೆಗೆ ಅಂಕ ಪಡೆದಿದ್ದೆವು. ಒಂದೇ ಬಗೆಯಲ್ಲಿ ಉತ್ತರಿಸಿದವರನ್ನು ಒಟ್ಟು ಸೇರಿಸಿದಾಗ ನಾಲ್ಕು ಗುಂಪುಗಳಾದವು; ಎಲ್ಲಕ್ಕೂ ಐದು ಕೊಟ್ಟವರೇ ಈ ಸಂತೃಪ್ತರು. ಗಿರಾಕಿಗಳನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ನೋಡಿದರೂ ಅದೇ ನಾಲ್ಕು ಬಂದವು. ನಾನು ಬೀಗಿದ್ದೇ ಬೀಗಿದ್ದು.

ಕಂಪನಿಯ ಮ್ಯಾನೇಜರ್‌ಗೂ ಖುಷಿ. "ಈ ಸಂತೃಪ್ತರನ್ನ ಆರು ತಿಂಗಳಿಗೊಮ್ಮೆ ಕರೆದು ಯಂತ್ರ ಸರಿಮಾಡಿಕೊಡೋದು ಯಾಕೆ? ಇಂಥವರನ್ನ ಆ ಪಟ್ಟಿಯಿಂದ ತೆಗೆದುಬಿಡೋಣ. ಸೋಮವಾರ ವರದಿ ಕೊಡಿ" ಎಂದರು.

ಗುಂಪು ಗಟ್ಟಿಯಾಗಿದ್ದರೆ ಸಾಲದು, ಕೆಲಸಕ್ಕೂ ಬರಬೇಕು. ಅದಕ್ಕೇ ಗುಂಪು ಮಾಡುವಾಗ ಬಳಸದ ಸಂಗತಿಯೊಂದರ ಜೊತೆ ತಾಳೆ ನೋಡುವುದು ನಮ್ಮ ರೂಢಿ. ಕಂಪನಿಯ ಅಂಗಡಿಯಿಂದ ಯಂತ್ರದ ಬ್ಯಾಟರಿ ಮಾರಾಟದ ಪಟ್ಟಿ ತರಿಸಿದೆ. ಸದಾ ಗೊಣಗುವವರ ಗುಂಪು ತಪ್ಪದೆ ಬ್ಯಾಟರಿ ಕೊಳ್ಳುತ್ತಿತ್ತು. ಸಂತೃಪ್ತರಲ್ಲಿ ಮುಕ್ಕಾಲು ಪಾಲು ಜನ ಒಂದು ವರ್ಷದಿಂದ ಒಂದೂ ಕೊಂಡಿರಲಿಲ್ಲ.

"ಬೇರೆ ಕಡೆ ತಗೊಳ್ತಿರ್ತಾರೆ ಬಿಡೆ" ಎಂದಳು ಪಕ್ಕದ ಮೇಜಿನ ಗೆಳತಿ.

ಇರಬಹುದು. ಆದರೂ ಕಸಿವಿಸಿ ಹೋಗಲಿಲ್ಲ. ಹನ್ನೆರಡರಲ್ಲಿ ಒಂದು ಪ್ರಶ್ನೆಯನ್ನು ಬೇಕೆಂದೇ ತಿರುಗಿಸಿ ಕೇಳಿದ್ದೆವು: ಯಂತ್ರದ ಸದ್ದು ಕಿರಿಕಿರಿ ಮಾಡುತ್ತದೆಯೇ? ಅದಕ್ಕೂ ಇವರು ಐದೇ, ಅಂದರೆ 'ತುಂಬಾ' ಎಂದೇ, ಕೊಟ್ಟಿದ್ದರು. ನನಗದು ಮೊದಲೇ ಕಂಡಿತ್ತು. ಚೆಂದದ ಗುಂಪು ಕೆಡುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದೆ.

ಈ ಗುಂಪಿನವರ ಫೋನ್ ಕರೆಗಳ ಧ್ವನಿಮುದ್ರಣ ಕೇಳಲು ಕುಳಿತೆ.

"ಅಜ್ಜಿ, ಯಂತ್ರ ಹಾಕ್ಕೊಂಡಾಗ ಜನ ಮಾತಾಡೋದು..."

"ಹೂಂ ಹೂಂ, ಎಲ್ಲಾ ಚೆನ್ನಾಗಿದೆ ಕಣಮ್ಮ."

"ಎಷ್ಟು ಅಂಕ ಕೊಡ್ತೀರಿ? ಒಂದಾ, ಐದಾ?"

"ಐದು."

ಇಪ್ಪತ್ತು ಕರೆ ಕೇಳಿದೆ. ಹದಿನಾರರಲ್ಲಿ ಇದೇ ಕಥೆ. ಕಿವಿ ಕೇಳದವರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳಿದ ಜಾಣರು ನಾವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸೋಮವಾರ ವರದಿಯ ಬದಲು ಇದನ್ನೇ ಹೇಳಿದೆ. ಮ್ಯಾನೇಜರ್ ಮುಖ ಗಂಟಿಕ್ಕಿದರು. "ಹಾಗಾದ್ರೆ ನಿಮ್ಮ ಲೆಕ್ಕವೇ ತಪ್ಪಾ?"

"ಲೆಕ್ಕ ಸರಿ ಇದೆ ಸಾರ್. ನಾನಿಟ್ಟ ಹೆಸರು ತಪ್ಪು. ಆ ಗುಂಪಿನ ಮೂವತ್ತು ಜನರನ್ನ ಅಂಗಡಿಗೆ ಕರೆಸಿ, ಪ್ರಶ್ನೆ ಬರೆದುಕೊಟ್ಟು ಕೇಳೋಣ."

ಅವರು ಒಲ್ಲದ ಮನಸ್ಸಿನಿಂದ ಒಪ್ಪಿ, ತಾವೂ ಬಂದು ಕುಳಿತರು. ಮೊದಲು ಬಂದದ್ದು ಧ್ವನಿಮುದ್ರಣದ ಅಜ್ಜಿಯೇ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಮಾತು ಕೇಳಿಸುತ್ತದೆಯೇ? ಒಂದು. ದಿನಾ ಹಾಕಿಕೊಳ್ಳುತ್ತೀರಾ? ಒಂದು. ಸದ್ದಿನ ಕಿರಿಕಿರಿಗೆ ಮಾತ್ರ ಒತ್ತಿ ಐದು ಬರೆದರು. ಆಮೇಲೆ ಚೀಲದಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಯಂತ್ರವನ್ನು ಮ್ಯಾನೇಜರ್ ಮುಂದೆ ಸರಿಸಿದರು.

"ನೀವೇ ಇಟ್ಕೊಳ್ಳಿ ಮಗಾ. ಇದರಲ್ಲಿ ಬರೀ ಗೊರಗೊರ."

ಮ್ಯಾನೇಜರ್ ಬಗ್ಗಿ ಕೇಳಿದರು, "ಅವತ್ತು ಫೋನಲ್ಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

ಅಜ್ಜಿ ಅವರ ಮುಖ ನೋಡಿ ಮುಗುಳ್ನಕ್ಕರು. "ಹೂಂ ಮಗಾ, ಎಲ್ಲಾ ಚೆನ್ನಾಗಿದೆ."

ಮ್ಯಾನೇಜರ್ ಆ ಗುಂಪಿನ ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಮೇಲಿದ್ದ 'ಸಂತೃಪ್ತರು' ಎಂಬುದನ್ನು ಹೊಡೆದುಹಾಕಿ, 'ಮೊದಲು ಕರೆಯಬೇಕಾದವರು' ಎಂದು ಬರೆದರು.