ತುಟಿಯಂಚಿನ ಸಜ್ಜಕ

ರಾಚವ್ವ ಶಿವನ ಪಾದ ಸೇರಿ ವರ್ಷ ತುಂಬುತ್ತ ಬಂದಿತ್ತು. ಪುಣ್ಯತಿಥಿಯ ದಿನ ಪೂಜೆಗೆ ಇಡಲು ಆಕೆಯದೊಂದು ಫೋಟೋ ಬೇಕಾಗಿತ್ತು. ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುವ ಹೆಂಗಸು ಆಕೆ. ಗಂಡ ಕಾಡಪ್ಪ ಮನೆಯೆಲ್ಲ ತಡಕಾಡಿದ ಮೇಲೆ ಸಿಕ್ಕಿದ್ದು ಒಂದೇ ಒಂದು. ಚಳಿಗಾಲದ ಮುಂಜಾನೆ ಉಗರಗೋಳದ ನೆಂಟರ ಕಟ್ಟೆಯ ಮೇಲೆ ಯಾರೋ ತೆಗೆದದ್ದು. ತೊಡೆಯ ಮೇಲೆ ಮೊಮ್ಮಗ ಅಪ್ಪು. ಸಿಂಬಳ ಇಳಿದಿದೆ, ಚಳಿಗೆ ಗಲ್ಲಗಳು ಕೆಂಪಾಗಿವೆ, ತುಟಿಯಂಚಿಗೆ ಆಗಷ್ಟೇ ತಿಂದ ಗೋಧಿರವೆಯ ಸಿಹಿ ಸಜ್ಜಕ ಮೆತ್ತಿದೆ.

ಸೊಸೆ ಉಮಾಶ್ರೀಯೊಡನೆ ಕಾಡಪ್ಪ ಬೈಲಹೊಂಗಲದ ಮುಜಫ್ಫರನ ಸ್ಟುಡಿಯೋಕ್ಕೆ ಹೋದ.

"ಇದನ್ನ ಹಿಂಗ ಇಟ್ರ ಬೀಗರು ನಗತಾರ್ರೀ ಅಣ್ಣಾರ. ಕೂಸಿನ ಮೂಗ ಒರಸಾಕ ಮನ್ಯಾಗ ಯಾರೂ ಇರಲಿಲ್ಲೇನು ಅಂತಾರ. ಎಲ್ಲಾ ಸ್ವಚ್ಛ ಮಾಡ್ರಿ," ಎಂದಳು ಉಮಾಶ್ರೀ.

ಮುಜಫ್ಫರ ಫೋಟೋವನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿದ. "ಹೆದರಬ್ಯಾಡ್ರಿ ಅಕ್ಕಾರ, ಮುಖ ದೊಡ್ಡದಾದ್ರ ಸಿಂಬಳಾನೂ ದೊಡ್ಡದಾಗತೈತಿ!"

ಪಕ್ಕದ ಚರ್ಮದ ಬಣ್ಣ ತಂದು ಸಿಂಬಳದ ಮೇಲೆ ಹಚ್ಚಿದ. ಸಜ್ಜಕ ಅಳಿಸಿದ. ಗಲ್ಲದ ಕೆಂಪು ಇಳಿಸಿ ಚರ್ಮವನ್ನು ನುಣುಪು ಮಾಡಿದ. ಉಮಾಶ್ರೀಯ ಮುಖ ಅರಳಿತು. ಕಾಡಪ್ಪ ಮಾತ್ರ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದ.

"ಚಂದ ಐತಿ ತಮ್ಮಾ. ಆದ್ರ ಈ ಕೂಸು ಯಾರದು?"

"ನಿಮ್ಮ ಮೊಮ್ಮಗಾನ ಅಲ್ಲೇನ್ರಿ ಅಜ್ಜಾರ!"

"ಅಂಗಡ್ಯಾಗಿನ ಗೊಂಬಿ ಕಂಡಂಗ ಐತಿ. ಅದೂ ಹೋಗ್ಲಿ, ಇಲ್ಲಿ ನೋಡು." ಕಾಡಪ್ಪನ ಬೆರಳು ರಾಚವ್ವನ ಕೈಯ ಮೇಲೆ ನಿಂತಿತು. ಸೆರಗಿನ ತುದಿ ಹಿಡಿದ ಆ ಕೈ ಮಗುವಿನ ಬಾಯಿಯತ್ತ ಚಾಚಿತ್ತು. "ಈಕಿ ಈಗ ಏನು ಒರಸಾಕತ್ತಾಳ?"

ಮುಜಫ್ಫರ ಆ ಕೈಯನ್ನು ಹಿಗ್ಗಿಸಿ ನೋಡಿದ. ಸಜ್ಜಕ ಹೋದಮೇಲೆ ಆ ಕೈಗೆ ಕೆಲಸವೇ ಇರಲಿಲ್ಲ.

"ತಪ್ಪಾತ್ರಿ ಅಜ್ಜಾರ. ಕೂಸಿನ ಮುಖಾ ಅಷ್ಟ ನೋಡಿದೆ," ಎಂದ ಮುಜಫ್ಫರ. ತಿದ್ದಿದ್ದನ್ನೆಲ್ಲ ಮೂಲ ಚಿತ್ರದ ಮೇಲೆ ಬೇರೆ ಬೇರೆ ಪದರಗಳಾಗಿ ಇಟ್ಟಿದ್ದರಿಂದ ಹಿಂದಕ್ಕೆ ಹೋಗುವುದು ಸುಲಭವಾಯಿತು. ಸಜ್ಜಕ ಮುಚ್ಚಿದ್ದ ಪದರ ತೆಗೆದುಹಾಕಿದ. ಗಲ್ಲದ ಪದರವನ್ನು ಅರ್ಧಕ್ಕೆ ತಿಳಿಮಾಡಿದ. ಕೆಳಗಿನ ಕೆಂಪು ಮೆಲ್ಲಗೆ ಮೂಡಿ ಬಂತು. ಸಿಂಬಳವನ್ನಷ್ಟೇ ಮರೆಮಾಡಿ, ಮೂಗಿನ ಕೆಳಗಿನ ನೆರಳನ್ನು ಹಾಗೆಯೇ ಬಿಟ್ಟ.

ಉಮಾಶ್ರೀ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡ್ರಿ ಮಾವಾರ. ನಗೋರು ನಗಲಿ. ಅತ್ತಿ ಕೈ ಇರಬೇಕು."

ಪುಣ್ಯತಿಥಿಯ ದಿನ ವಿಭೂತಿ ಹಚ್ಚಿ, ಹೂ ಏರಿಸಿದ ಫೋಟೋದ ಮುಂದೆ ಬೀಗತಿಯೊಬ್ಬಳು ಬಹಳ ಹೊತ್ತು ನಿಂತಳು. ಈಗ ನಗುತ್ತಾಳೇನೋ ಎಂದು ಉಮಾಶ್ರೀ ಆಕೆಯ ಮುಖವನ್ನೇ ನೋಡಿದಳು.

"ನೋಡವಾ," ಎಂದಳು ಬೀಗತಿ, "ರಾಚವ್ವ ಇನ್ನೂ ಕೂಸಿನ ಬಾಯಿ ಒರಸಾಕ ಹತ್ಯಾಳ."

ಹೋಳಿಗೆ ತಿನ್ನುತ್ತಿದ್ದ ಅಪ್ಪು ಅದನ್ನು ಕೇಳಿ, ಅಂಗೈಯಿಂದ ಥಟ್ಟನೆ ತನ್ನ ಬಾಯಿ ಒರೆಸಿಕೊಂಡ. ಮನೆಯೆಲ್ಲ ನಕ್ಕಿತು. ಕಾಡಪ್ಪ ಕೈಮುಗಿದ: ಶಿವನಿಗೆ, ಮುಜಫ್ಫರನಿಗೆ, ಆ ಮುಂಜಾನೆ ಫೋಟೋ ತೆಗೆದ ಯಾರಿಗೋ.