ಅತ್ತೆಯ ಹೆಸರಿನ ಕ್ಯೂಆರ್

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ‘ರೇಖಾ ಲೇಡೀಸ್ ಟೈಲರ್ಸ್’ ಎಂದು ಬೋರ್ಡು ಹಾಕಿದ್ದರೂ, ಶಶಿರೇಖ ಹೊಲಿದು ದುಡಿದದ್ದೆಲ್ಲ ಅತ್ತೆ ಆದಿಲಕ್ಷ್ಮಮ್ಮನ ಖಾತೆಗೆ ಬೀಳುತ್ತಿತ್ತು. ಗೋಡೆಯ ಮೇಲಿನ ಕ್ಯೂಆರ್ ಅತ್ತೆಯದು, ಹಣ ಬಂದ ಮೆಸೇಜು ಬರುವುದೂ ಅತ್ತೆಯ ಫೋನಿಗೆ. ಅದೇ ವಿಚಾರಕ್ಕೆ ಬೆಳಿಗ್ಗೆ ಜಗಳವಾಗಿ, ಅತ್ತೆ ಮುಖ ಊದಿಸಿಕೊಂಡು ಕಾಮಸಮುದ್ರದ ಬಸ್ಸು ಹತ್ತಿದ್ದಳು.

ಈಗ ಆ ಅತ್ತೆ ಫೋನಿಗೆ ಸಿಗುತ್ತಿಲ್ಲ. ಎದುರಿಗೆ, ಶಶಿರೇಖ ಹೊಲಿದು ತೂಗುಹಾಕಿದ್ದ ನೈಟಿಗಳನ್ನು ಆರಿಸಿಕೊಂಡ ಅಪರಿಚಿತ ಯುವಕ ಚಡಪಡಿಸುತ್ತಿದ್ದ.

“ಎರಡು ಸಾವಿರ ಆಕಾಯ್ತು, ನೋಡಕ್ಕಾ! ರೈಲು ಒಂಟೋಯ್ತದೆ, ಕೊಡಿ ಬೇಗ.”

ಫೋನನ್ನು ಅವಳ ಮುಖಕ್ಕೆ ಹಿಡಿದ. ಹಸಿರು ಟಿಕ್ಕು, ಮೊತ್ತ, ತಾರೀಖು ಎಲ್ಲವೂ ಇದ್ದವು. ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸರು, “ಪಾಪ, ಕೊಟ್ಟು ಕಳ್ಸಮ್ಮಾ” ಎಂದರು. ಶಶಿರೇಖ ನೈಟಿಗಳ ಕವರು ಚಾಚಿದಳು. ಅವನ ಬೆರಳು ಅದಕ್ಕೆ ತಾಗಿದಾಗಲೇ ಅವಳ ಕಣ್ಣಿಗೆ ಬಿತ್ತು: ಹಣ ಹೋಗಿರುವುದು ‘ರೇಖಾ ಲೇಡೀಸ್ ಟೈಲರ್ಸ್’ಗೆ!

ಕವರನ್ನು ಹಿಂದಕ್ಕೆಳೆದುಕೊಂಡಳು.

“ಬೋರ್ಡು ನೋಡ್ಕೊಂಡು ಎಸ್ರು ಬರ್ದ್ಯೇನ್ಲಾ? ಆ ಕ್ಯೂಆರ್ ನಮ್ಮತ್ತೇದು. ಸ್ಕ್ಯಾನ್ ಮಾಡಿದ್ರೆ ಬ್ಯಾಂಕಲ್ಲಿರೋ ಅವರ ಎಸ್ರೇ ಬತ್ತದೆ. ಎಲ್ಲಿ, ನನ್ನೆದುರಿಗೆ ಮಾಡು!”

ಅವನು ಫೋನು ಜೇಬಿಗಿಳಿಸಿ, ಹೆಂಗಸರ ನಡುವೆ ನುಸುಳಿ ಓಡಿದ. ಸ್ಟೇಷನ್ ಕಡೆಗಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯ ಫೋನು ಬಂತು. “ಸಿಗ್ನಲ್ ಇರ್ಲಿಲ್ಲ ಕಣೇ. ನನ್ ಕ್ಯೂಆರ್ ಕಿತ್ತಾಕ್ತೀನಿ ಅಂತಿದ್ದೆಯಲ್ಲ, ಕಿತ್ತಾಕಿದ್ಯಾ?”

ಶಶಿರೇಖ ಕವರನ್ನು ಅವಚಿಕೊಂಡೇ ಇದ್ದಳು.

“ಇವತ್ತೊಂದಿನ ಇರ್ಲಿ ಬಿಡಿ, ಅತ್ತೆ.”